ಹಬ್ಬಕ್ಕೆ ಬಾಗಿಲು ಹಾಕುವ ಮುನ್ನ: ಕೊನೆಯ ಆರ್ಡರ್ ಯಾವತ್ತು, ಪಾರ್ಸೆಲ್ ಯಾವತ್ತು?

ದೀಪಾವಳಿ ಹತ್ತಿರ ಬಂದಾಗ ಮನೆಯಿಂದಲೇ ಸೀರೆ, ತಿಂಡಿ, ಬೊಂಬೆ ಮಾರುವವರ ಫೋನಿಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ‘ಪಾರ್ಸೆಲ್ ಎಲ್ಲಿಗೆ ಬಂತು?’, ‘ಹಬ್ಬಕ್ಕೆ ಸಿಗುತ್ತದಲ್ಲವಾ?’, ‘ಇವತ್ತು ದುಡ್ಡು ಹಾಕಿದರೆ ಯಾವತ್ತು ಕಳಿಸುತ್ತೀರಿ?’ ಇಷ್ಟೂ ಪ್ರಶ್ನೆಗಳಿಗೆ ಅಂಗಡಿಯವರು ಮೊದಲೇ ಒಂದು ಉತ್ತರ ಕೊಟ್ಟಿರುತ್ತಾರೆ. ಅದು ಸಾಮಾನ್ಯವಾಗಿ ಹೀಗಿರುತ್ತದೆ: ‘ಹಬ್ಬದ ಪ್ರಯುಕ್ತ 19ರಿಂದ 26ರವರೆಗೆ ಅಂಗಡಿಗೆ ರಜೆ ಇರುತ್ತದೆ. ಗ್ರಾಹಕರು ಸಹಕರಿಸಬೇಕಾಗಿ ವಿನಂತಿ.’

ಎದುರು ನಿಂತು ಕೊಳ್ಳುವ ಗಿರಾಕಿಗೆ ಇಷ್ಟು ಸಾಕು. ಬಾಗಿಲು ಯಾವತ್ತು ಹಾಕಿರುತ್ತದೆ ಎಂದು ಗೊತ್ತಾದರೆ ಹಿಂದಿನ ದಿನವೇ ಬಂದು ಕೊಂಡು ಹೋಗುತ್ತಾನೆ. ಮುನ್ನೂರು ಕಿಲೋಮೀಟರ್ ದೂರದಲ್ಲಿ ಕೂತು ಕೊಳ್ಳುವವರಿಗೆ ಈ ಸೂಚನೆಯಿಂದ ಏನೂ ತಿಳಿಯುವುದಿಲ್ಲ. ಅಂಗಡಿಯ ಬಾಗಿಲು ಅವರಿಗೆ ಕಾಣುವುದೇ ಇಲ್ಲ. ಸೀರೆ ತಮ್ಮ ಮನೆಗೆ ಯಾವತ್ತು ಬರುತ್ತದೆ, ಅದಕ್ಕೆ ಯಾವತ್ತಿನೊಳಗೆ ಹೇಳಬೇಕು ಎಂಬುದಷ್ಟೇ ಅವರಿಗೆ ಬೇಕು. 19ರಿಂದ ರಜೆ ಎಂದು ಓದಿದವರು 18ಕ್ಕೆ ಆರ್ಡರ್ ಕೊಟ್ಟರೂ ಆಯಿತು ಎಂದುಕೊಳ್ಳುತ್ತಾರೆ. ತಪ್ಪು ಅವರದ್ದಲ್ಲ, ಸೂಚನೆ ಹಾಗೆ ಓದಿಸಿಕೊಂಡಿದೆ.

ಹಾಗಾದರೆ ಸರಿಯಾದ ತಾರೀಖುಗಳನ್ನು ಹಿಡಿಯುವುದು ಹೇಗೆ, ಹೇಳುವುದು ಹೇಗೆ? ಒಂದು ಉದಾಹರಣೆ ಇಟ್ಟುಕೊಂಡು ಕೊನೆಯವರೆಗೂ ಲೆಕ್ಕ ಹಾಕಿ ನೋಡೋಣ.

ಗ್ರಾಹಕರ ಮನೆಯಿಂದ ಹಿಂದಕ್ಕೆ ಎಣಿಸಿ

ಬೆಟಗೇರಿಯಲ್ಲಿ ಕೈಮಗ್ಗದ ಸೀರೆಗಳನ್ನು ತರಿಸಿ, ವಾಟ್ಸಾಪ್‌ನಲ್ಲಿ ಫೋಟೊ ಹಾಕಿ, ಕೊರಿಯರ್ ಮೂಲಕ ಕಳಿಸುವ ಒಂದು ಮನೆ ಅಂಗಡಿ ಎಂದಿಟ್ಟುಕೊಳ್ಳಿ. ಮಾರುವುದು ಎರಡು ಬಗೆ. ಒಂದು, ಇದ್ದ ಹಾಗೆಯೇ ಮಡಿಸಿ ಕಳಿಸುವ ಸೀರೆ. ಇನ್ನೊಂದು, ಸೆರಗಿಗೆ ಕುಚ್ಚು ಹಾಕಿಸಿ ಕಳಿಸುವ ಸೀರೆ. ಮೊದಲನೆಯದನ್ನು ಹಣ ಬಂದ ಮರುದಿನ ಕಳಿಸಬಹುದು. ಕುಚ್ಚಿನ ಕೆಲಸ ಓಣಿಯ ಹೆಣ್ಣುಮಕ್ಕಳ ಮನೆಗೆ ಹೋಗಿ ಬರಬೇಕು. ಅದಕ್ಕೆ ನಾಲ್ಕು ಕೆಲಸದ ದಿನ ಹಿಡಿಯುತ್ತದೆ, ಪ್ಯಾಕಿಂಗ್ ಸೇರಿ ಐದು.

ಕ್ಯಾಲೆಂಡರ್ 2025ರದ್ದು ಇರಲಿ. ಆ ವರ್ಷ ನರಕ ಚತುರ್ದಶಿ ಅಕ್ಟೋಬರ್ 20, ಸೋಮವಾರ. ಬಲಿಪಾಡ್ಯಮಿ 22, ಬುಧವಾರ. ಅಂಗಡಿಯವರು 18ರ ಶನಿವಾರ ಸಂಜೆ ಬಾಗಿಲು ಹಾಕಿ, 27ರ ಸೋಮವಾರ ತೆರೆಯುವುದೆಂದು ಮಾತಾಡಿಕೊಂಡರು. ಇಲ್ಲಿಂದ ಮುಂದಕ್ಕೆ ಎಣಿಸಲು ಹೊರಟರೆ ಲೆಕ್ಕ ತಪ್ಪುತ್ತದೆ. ಎಣಿಕೆ ಆರಂಭವಾಗಬೇಕಾದ್ದು ಸೀರೆ ಉಡುವವರ ಮನೆಯಿಂದ. ಹಬ್ಬದ ಸ್ನಾನ ಮುಗಿಸಿ ಹೊಸ ಸೀರೆ ಉಡಬೇಕಾದ್ದು ಸೋಮವಾರ ಬೆಳಿಗ್ಗೆ. ಭಾನುವಾರ ಪಾರ್ಸೆಲ್ ಬರುತ್ತದೆಂದು ನಂಬಿಕೊಳ್ಳುವಂತಿಲ್ಲ. ಹಾಗಾಗಿ ಶನಿವಾರ, 18ರೊಳಗೆ ಅದು ಕೈಸೇರಿರಬೇಕು.

ಈಗ ಕೊರಿಯರ್‌ನ ದಿನಗಳು. ಕಂಪನಿಯ ಕರಪತ್ರದಲ್ಲಿ ಏನು ಬರೆದಿದೆ ಎನ್ನುವುದನ್ನು ಪಕ್ಕಕ್ಕಿಡಿ. ಕಳೆದ ಒಂದು ತಿಂಗಳ ರಸೀದಿಗಳನ್ನು ತೆಗೆದು, ಬುಕ್ ಮಾಡಿದ ದಿನ ಮತ್ತು ತಲುಪಿದ ದಿನ ಎರಡನ್ನೂ ಅಕ್ಕಪಕ್ಕ ಬರೆದುಕೊಂಡರೆ ಆ ದಾರಿಯ ನಿಜವಾದ ಲೆಕ್ಕ ಸಿಗುತ್ತದೆ. ನಮ್ಮ ಉದಾಹರಣೆಯ ಅಂಗಡಿಗೆ ಕರ್ನಾಟಕದೊಳಗೆ ಮೂರು ಕೆಲಸದ ದಿನ, ಪುಣೆ-ಮುಂಬೈಗೆ ನಾಲ್ಕು, ದೆಹಲಿ-ಕೋಲ್ಕತ್ತಾಗೆ ಆರು ದಿನ ಎಂದು ಸಿಕ್ಕಿತು ಎನ್ನೋಣ. ಹಬ್ಬದ ಹಿಂದಿನ ವಾರಗಳಲ್ಲಿ ಕೊರಿಯರ್ ಗೋದಾಮುಗಳಲ್ಲಿ ಪಾರ್ಸೆಲ್ ರಾಶಿ ಬೀಳುತ್ತದೆ, ಆದ್ದರಿಂದ ಎಲ್ಲದಕ್ಕೂ ಎರಡು ದಿನ ಸೇರಿಸಬೇಕು. ಅಂದರೆ ಐದು, ಆರು ಮತ್ತು ಎಂಟು ದಿನ.

18ರಿಂದ ಹಿಂದಕ್ಕೆ, ಭಾನುವಾರ ಬಿಟ್ಟು ಎಣಿಸಿದರೆ, ಕರ್ನಾಟಕದ ಪಾರ್ಸೆಲ್ 13ರ ಸೋಮವಾರ, ಪುಣೆ-ಮುಂಬೈಯದು 11ರ ಶನಿವಾರ, ದೆಹಲಿಯದು 9ರ ಗುರುವಾರ ಹೊರಡಬೇಕು. ಇವು ರವಾನೆಯ ತಾರೀಖುಗಳು. ಆರ್ಡರ್‌ನ ತಾರೀಖು ಸಿಗಬೇಕಾದರೆ ಇನ್ನೂ ಹಿಂದಕ್ಕೆ ಹೋಗಬೇಕು. ಸಾದಾ ಸೀರೆಗೆ ಒಂದು ದಿನ ಹಿಂದೆ: ಕರ್ನಾಟಕಕ್ಕೆ ಭಾನುವಾರ ಬಿಟ್ಟು 11, ಪುಣೆ-ಮುಂಬೈಗೆ 10, ದೆಹಲಿಗೆ 8. ಕುಚ್ಚಿನ ಸೀರೆಗೆ ಐದು ದಿನ ಹಿಂದೆ: ಕರ್ನಾಟಕಕ್ಕೆ 7, ಪುಣೆ-ಮುಂಬೈಗೆ 6, ದೆಹಲಿಗೆ 3.

ಆ ಕೊನೆಯ ತಾರೀಖನ್ನು ಸ್ವಲ್ಪ ಗಮನಿಸಿ. ಆ ವರ್ಷ ವಿಜಯದಶಮಿ ಅಕ್ಟೋಬರ್ 2ಕ್ಕೆ ಇತ್ತು. ಅಂದರೆ ದೆಹಲಿಯಲ್ಲಿರುವ ಕನ್ನಡದ ಗೃಹಿಣಿಯೊಬ್ಬರು ದೀಪಾವಳಿಗೆ ಕುಚ್ಚಿನ ಸೀರೆ ಉಡಬೇಕಿದ್ದರೆ ಬನ್ನಿ ಹಂಚಿದ ಮರುದಿನವೇ ಆರ್ಡರ್ ಕೊಟ್ಟಿರಬೇಕು. ದೀಪಾವಳಿ ರಜೆಯ ಸೂಚನೆ ದಸರಾ ಮುಗಿದ ಮೇಲೆ ಹೊರಟರೆ ಅವರಿಗೆ ಅದು ಆಗಲೇ ತಡ. ಆಯುಧ ಪೂಜೆಗೆ ಒಂದು ವಾರ ಮೊದಲು, ಅಂದರೆ ಸೆಪ್ಟೆಂಬರ್ ಕೊನೆಯ ವಾರದಲ್ಲಿ, ಮೊದಲ ಸೂಚನೆ ಗ್ರಾಹಕರ ಕೈಯಲ್ಲಿರಬೇಕು. ಹಿಂದಕ್ಕೆ ಎಣಿಸದೆ ಇದು ಯಾರಿಗೂ ಹೊಳೆಯುವುದಿಲ್ಲ.

ಬಾಗಿಲು ಹಾಕುವ ದಿನವೇ ಕೊನೆಯ ರವಾನೆ ಬೇಡ

ಹಬ್ಬಕ್ಕೆ ತಲುಪಬೇಕೆಂಬ ಆತುರ ಇಲ್ಲದ ಆರ್ಡರ್‌ಗಳೂ ಬರುತ್ತಲೇ ಇರುತ್ತವೆ. ಅವನ್ನು 18ರವರೆಗೂ ಕಳಿಸುತ್ತಾ ಹೋಗಬಹುದಲ್ಲ ಎನಿಸುತ್ತದೆ. ಹಾಗೆ ಮಾಡಿದರೆ ತೊಂದರೆ ಬರುವುದು ರಜೆಯ ನಡುವೆ. 18ಕ್ಕೆ ಹೊರಟ ಪಾರ್ಸೆಲ್ ಬೆಂಗಳೂರು ತಲುಪುವಾಗ ಮನೆಯವರು ಊರಿಗೆ ಹೋಗಿರುತ್ತಾರೆ. ಡೆಲಿವರಿ ಹುಡುಗ ಫೋನ್ ಮಾಡುತ್ತಾನೆ, ಬೀಗ ನೋಡಿ ವಾಪಸಾಗುತ್ತಾನೆ. ಕೆಲವು ಸಲ ಪ್ರಯತ್ನಿಸಿದ ಮೇಲೆ ಪಾರ್ಸೆಲ್ ಕಳಿಸಿದವರ ವಿಳಾಸಕ್ಕೇ ಹಿಂತಿರುಗುತ್ತದೆ. ಅಲ್ಲೂ ಬಾಗಿಲು ಹಾಕಿದೆ. ಇತ್ತ ಗ್ರಾಹಕರು ಕೇಳೋಣವೆಂದರೆ ಅಂಗಡಿಯ ಫೋನ್ ಎತ್ತುವವರಿಲ್ಲ.

ಅದಕ್ಕೇ ಮೂರು ತಾರೀಖುಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು: ಕೊನೆಯ ಆರ್ಡರ್, ಕೊನೆಯ ರವಾನೆ, ಬಾಗಿಲು ಹಾಕುವ ದಿನ. ನಮ್ಮ ಅಂಗಡಿಗೆ ಕೊನೆಯ ರವಾನೆ 15ರ ಬುಧವಾರ. 16ರಿಂದ 18ರವರೆಗಿನ ಮೂರು ದಿನ ಹೊಸ ಪಾರ್ಸೆಲ್ ಇಲ್ಲ. ಆಗಲೇ ಹೊರಟವುಗಳ ಟ್ರ್ಯಾಕಿಂಗ್ ನೋಡುವುದು, ಎರಡು ದಿನದಿಂದ ಒಂದೇ ಗೋದಾಮಿನಲ್ಲಿ ನಿಂತಿರುವುದನ್ನು ಗುರುತಿಸಿ ಕೊರಿಯರ್ ಕಚೇರಿಗೆ ಫೋನ್ ಮಾಡುವುದು, ವಿಳಾಸ ಸರಿಯಿಲ್ಲದವರನ್ನು ಕೇಳಿ ತಿದ್ದುವುದು, ಇವಿಷ್ಟೇ ಕೆಲಸ. ಈ ಮೂರು ದಿನ ಇಟ್ಟುಕೊಂಡವರಿಗೆ ರಜೆಯಲ್ಲಿ ಫೋನ್ ಕಾಟ ಬಹಳ ಕಡಿಮೆ.

ತೆರೆದ ದಿನವೇ ಕಳಿಸಲಾಗುವುದಿಲ್ಲ

ರಜೆಯ ಸೂಚನೆಗಳಲ್ಲಿ ಹೆಚ್ಚು ತಪ್ಪುವುದು ಇಲ್ಲಿ. ‘27ರಿಂದ ಎಂದಿನಂತೆ’ ಎಂದು ಬರೆದುಬಿಡುತ್ತಾರೆ. 27ರಂದು ಎಂದಿನಂತೆ ಏನೂ ಇರುವುದಿಲ್ಲ. 16ರಿಂದ 26ರವರೆಗೆ ಬಂದ ಆರ್ಡರ್‌ಗಳು ಸಾಲಾಗಿ ಕಾಯುತ್ತಿರುತ್ತವೆ. ಅವು ನಲವತ್ತು ಎಂದಿಟ್ಟುಕೊಳ್ಳಿ. ಇಬ್ಬರು ಕೂತು ದಿನಕ್ಕೆ ಹತ್ತು ಸೀರೆ ಪರೀಕ್ಷಿಸಿ, ಮಡಿಸಿ, ವಿಳಾಸ ಅಂಟಿಸಬಲ್ಲರು ಎಂದರೆ ಈ ಬಾಕಿ ಮುಗಿಯಲು 27, 28, 29, 30 ಪೂರ್ತಿ ಬೇಕು. 27ಕ್ಕೆ ಹೊಸದಾಗಿ ಬಂದ ಆರ್ಡರ್ ಹೊರಡುವುದು 31ಕ್ಕೆ. ಮರುದಿನ ನವೆಂಬರ್ 1, ರಾಜ್ಯೋತ್ಸವ, ಅದರ ಮರುದಿನ ಭಾನುವಾರ. ಕುಚ್ಚಿನ ಸೀರೆಗಳನ್ನು 27ಕ್ಕೆ ಕೆಲಸಕ್ಕೆ ಕೊಟ್ಟರೆ ನಾಲ್ಕು ದಿನ ಕಳೆದು ಬರುವುದು 31ಕ್ಕೆ, ಹೊರಡುವುದು ನವೆಂಬರ್ 3ರಿಂದ.

ಇದನ್ನು ಹೀಗೆಯೇ ಹೇಳಿಬಿಡಬೇಕು. 27ಕ್ಕೆ ತೆರೆಯುತ್ತಾರೆ ಎಂದು ನಂಬಿ 28ಕ್ಕೆ ಟ್ರ್ಯಾಕಿಂಗ್ ನಂಬರ್ ಕೇಳುವವರಿಗೂ, 31ಕ್ಕೆ ಹೊರಡುತ್ತದೆ ಎಂದು ತಿಳಿದು ಸುಮ್ಮನಿರುವವರಿಗೂ ಸೀರೆ ತಲುಪುವುದು ಒಂದೇ ದಿನ. ಮೊದಲನೆಯವರು ಮಾತ್ರ ಬೇಸರ ಮಾಡಿಕೊಂಡಿರುತ್ತಾರೆ.

ಸೂಚನೆ ಹೀಗಿರಲಿ

ಇಷ್ಟು ಲೆಕ್ಕವನ್ನು ಗ್ರಾಹಕರ ಮೇಲೆ ಹೇರಬೇಕಾಗಿಲ್ಲ. ಅವರಿಗೆ ಬೇಕಾದ ಉತ್ತರ ಮಾತ್ರ ಬರೆದರೆ ಫೋನಿನ ಪರದೆಯಲ್ಲಿ ಸುಲಭವಾಗಿ ಓದಿ ಮುಗಿಯುತ್ತದೆ:

> ನಮಸ್ಕಾರ. ದೀಪಾವಳಿಗೆ ನಮ್ಮ ಅಂಗಡಿ ಅಕ್ಟೋಬರ್ 19, ಭಾನುವಾರದಿಂದ 26, ಭಾನುವಾರದವರೆಗೆ ಮುಚ್ಚಿರುತ್ತದೆ.
>
> ಸೀರೆ ಹಬ್ಬಕ್ಕೆ ಬೇಕಿದ್ದರೆ, ಈ ದಿನ ಸಂಜೆ 6 ಗಂಟೆಯವರೆಗೆ ಹಣ ಹಾಕಿ ಆರ್ಡರ್ ಖಚಿತಪಡಿಸಿ:
>
> ಕುಚ್ಚು ಹಾಕಿದ ಸೀರೆ: ದೆಹಲಿ, ಕೋಲ್ಕತ್ತಾ – ಅ. 3, ಶುಕ್ರವಾರ. ಪುಣೆ, ಮುಂಬೈ – ಅ. 6, ಸೋಮವಾರ. ಕರ್ನಾಟಕ – ಅ. 7, ಮಂಗಳವಾರ.
>
> ಸಾದಾ ಸೀರೆ: ದೆಹಲಿ, ಕೋಲ್ಕತ್ತಾ – ಅ. 8, ಬುಧವಾರ. ಪುಣೆ, ಮುಂಬೈ – ಅ. 10, ಶುಕ್ರವಾರ. ಕರ್ನಾಟಕ – ಅ. 11, ಶನಿವಾರ.
>
> ಇದಾದ ಮೇಲೂ ಆರ್ಡರ್ ಕೊಡಬಹುದು, ಆದರೆ ಸೀರೆ ಹಬ್ಬಕ್ಕೆ ತಲುಪುತ್ತದೆಂದು ಹೇಳಲಾರೆವು. ರಜೆಗೆ ಮುಂಚಿನ ಕೊನೆಯ ರವಾನೆ ಅ. 15, ಬುಧವಾರ.
>
> ರಜೆಯಲ್ಲಿ ಬಂದ ಆರ್ಡರ್‌ಗಳನ್ನು ಬಂದ ಸರದಿಯಂತೆ ಕಳಿಸುತ್ತೇವೆ. ಸಾದಾ ಸೀರೆ ಅ. 27ರಿಂದ 31ರೊಳಗೆ, ಕುಚ್ಚಿನ ಸೀರೆ ನ. 3ರಿಂದ 6ರೊಳಗೆ ಹೊರಡುತ್ತದೆ.
>
> ಈಗಾಗಲೇ ಆರ್ಡರ್ ಕೊಟ್ಟವರಿಗೆ ಅವರವರ ತಾರೀಖನ್ನು ಪ್ರತ್ಯೇಕವಾಗಿ ತಿಳಿಸುತ್ತೇವೆ.

ತಾರೀಖಿನ ಜೊತೆ ವಾರ ಬರೆದಿರುವುದನ್ನು ನೋಡಿ. ತಾರೀಖು ತಪ್ಪಿ ಟೈಪ್ ಆಗಿದ್ದರೆ ವಾರ ಅದನ್ನು ಹಿಡಿದುಕೊಡುತ್ತದೆ. ಗಂಟೆ ಬರೆದಿರುವುದರಿಂದ ರಾತ್ರಿ ಹನ್ನೊಂದಕ್ಕೆ ಬರುವ ಸಂದೇಶದ ಬಗ್ಗೆ ಚರ್ಚೆ ಏಳುವುದಿಲ್ಲ. ಹಣ ಹಾಕಿದ ದಿನವೇ ಆರ್ಡರ್‌ನ ದಿನ ಎಂಬ ಮಾತು ಇನ್ನೂ ಮುಖ್ಯ. ಹಬ್ಬದ ಹೊತ್ತಿನಲ್ಲಿ ಆಗುವ ಜಗಳಗಳು ಬಹುತೇಕ ಈ ಥರದವು:

“ಅಕ್ಕಾರ, ಏಳನೇ ತಾರೀಖಿಗೇ ನೇರಳೆ ಬಣ್ಣದ್ದು ಇರ್ಲಿ ಅಂತ ಹೇಳಿದ್ದೆನಲ್ರಿ?”

“ಹೇಳಿದ್ರಿ, ಖರೆ. ರೊಕ್ಕ ಬಂದದ್ದು ಒಂಬತ್ತಕ್ಕ ರಾತ್ರಿ. ಅಷ್ಟೊತ್ತಿಗೆ ಕುಚ್ಚಿನವರು ಹಬ್ಬದ ಸುಣ್ಣ-ಸಾರಣಿಗೆ ನಿಂತುಬಿಟ್ಟಿದ್ರು.”

ಇಬ್ಬರ ಮಾತೂ ನಿಜವೇ. ಯಾವುದನ್ನು ಆರ್ಡರ್ ಎಂದು ಎಣಿಸುತ್ತೇವೆ ಎಂದು ಸೂಚನೆಯಲ್ಲಿ ಮೊದಲೇ ಇದ್ದಿದ್ದರೆ ಈ ಮಾತು ಹುಟ್ಟುತ್ತಿರಲಿಲ್ಲ.

ಕಳಿಸಿದ್ದು ತಲುಪಿತೇ?

ಸೂಚನೆ ಬರೆದರೆ ಅರ್ಧ ಕೆಲಸ ಆಯಿತು. ಸಣ್ಣ ವ್ಯಾಪಾರಿಗಳಲ್ಲಿ ಹೆಚ್ಚಿನವರು ಅದನ್ನು ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ ಹಾಕಿ ನಿಶ್ಚಿಂತರಾಗುತ್ತಾರೆ. ಬ್ರಾಡ್‌ಕಾಸ್ಟ್ ಸಂದೇಶ ಹೋಗುವುದು ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ. ಕಳೆದ ತಿಂಗಳು ಮೊದಲ ಬಾರಿ ಕೊಂಡು, ನಂಬರ್ ಉಳಿಸಿಕೊಳ್ಳದೆ ಬಿಟ್ಟವರಿಗೆ ಅದು ತಲುಪುವುದೇ ಇಲ್ಲ. ಸಂದೇಶದ ಮಾಹಿತಿ ತೆರೆದು ಯಾರ‍್ಯಾರಿಗೆ ತಲುಪಿದೆ ಎಂದು ನೋಡಿದರೆ ಇದು ಗೊತ್ತಾಗುತ್ತದೆ. ತಲುಪದವರಿಗೆ ಒಬ್ಬೊಬ್ಬರಿಗಾಗಿ ಕಳಿಸಬೇಕು. ಸ್ಟೇಟಸ್ ಹಾಕಿದರೆ ಅದು ಇಪ್ಪತ್ನಾಲ್ಕು ಗಂಟೆ ಮಾತ್ರ ಇರುತ್ತದೆ, ಹಾಗಾಗಿ ಪ್ರತಿ ಕೊನೆಯ ತಾರೀಖಿಗೂ ಎರಡು ದಿನ ಮೊದಲು ಮತ್ತೆ ಹಾಕುವುದು ವಾಸಿ.

ವಾಟ್ಸಾಪ್ ಬಿಸಿನೆಸ್ ಆ್ಯಪ್ ಇಟ್ಟುಕೊಂಡವರಿಗೆ ಇನ್ನೊಂದು ಅನುಕೂಲವಿದೆ. ಅಂಗಡಿಯಲ್ಲಿ ಯಾರೂ ಇಲ್ಲದಾಗ ತಾನಾಗಿ ಹೋಗುವ ಉತ್ತರವನ್ನು, ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಮೊದಲೇ ಹೊಂದಿಸಿಡಬಹುದು. ಇದರಲ್ಲಿ ಒಂದು ಮಿತಿ ನೆನಪಿಡಬೇಕು: ಫೋನಿಗೆ ಇಂಟರ್ನೆಟ್ ಇದ್ದಾಗ ಮಾತ್ರ ಆ ಉತ್ತರ ಹೋಗುತ್ತದೆ. ಊರಿಗೆ ಹೋಗುವಾಗ ಅಂಗಡಿಯ ಫೋನನ್ನು ಆಫ್ ಮಾಡಿ ಕಪಾಟಿನಲ್ಲಿಟ್ಟರೆ ಯಾರಿಗೂ ಉತ್ತರ ಹೋಗುವುದಿಲ್ಲ. ಆ ಉತ್ತರದಲ್ಲಿ ಕೊನೆಯ ಆರ್ಡರ್‌ನ ಹಳೆಯ ತಾರೀಖುಗಳನ್ನು ಮತ್ತೆ ಬರೆಯುವುದೂ ಬೇಡ. 21ನೇ ತಾರೀಖು ಕೇಳುವವರಿಗೆ ಅವು ಮುಗಿದ ಮಾತು. ಅಂಗಡಿ ತೆರೆಯುವ ದಿನ, ಅವರ ಆರ್ಡರ್ ಹೊರಡುವ ದಿನ, ಎರಡು ಸಾಲು ಸಾಕು. ದುಡ್ಡು ಕೊಟ್ಟು ಓಡಿಸುತ್ತಿರುವ ಜಾಹೀರಾತಿನಲ್ಲಿ ‘ಎರಡೇ ದಿನದಲ್ಲಿ ರವಾನೆ’ ಎಂದಿದ್ದರೆ 15ಕ್ಕೆ ಅದನ್ನು ನಿಲ್ಲಿಸಬೇಕು, ಇಲ್ಲವಾದರೆ ಸೂಚನೆ ಒಂದು ಹೇಳುತ್ತದೆ, ಜಾಹೀರಾತು ಇನ್ನೊಂದು ಹೇಳುತ್ತದೆ.

ಈಗಾಗಲೇ ಹಣ ಕೊಟ್ಟು ಕಾಯುತ್ತಿರುವವರನ್ನು ಸಾಮಾನ್ಯ ಸೂಚನೆಗೆ ಬಿಟ್ಟುಬಿಡಬಾರದು. ಅವರ ಹೆಸರು, ಸೀರೆಯ ಬಣ್ಣ, ಹೊರಡುವ ತಾರೀಖು ಬರೆದು ಒಂದು ಸಾಲು ಕಳಿಸಿದರೆ ಅವರು ಕೇಳುವ ಮೊದಲೇ ಉತ್ತರ ಸಿಕ್ಕಂತಾಗುತ್ತದೆ.

ಹೇಳಿದ ತಾರೀಖು ತಪ್ಪಿದರೆ

ಅಕ್ಟೋಬರ್‌ನಲ್ಲಿ ಮಳೆ ಹಿಡಿಯಬಹುದು, ಕುಚ್ಚು ಹಾಕುವವರಿಗೆ ಜ್ವರ ಬರಬಹುದು. ಹತ್ತು ಸೀರೆ 11ಕ್ಕೆ ಬರಬೇಕಿದ್ದವು 14ಕ್ಕೆ ಬರುತ್ತವೆ ಎಂದು 9ಕ್ಕೆ ಗೊತ್ತಾದರೆ ಆ ಸಂಜೆಯೇ ಹೇಳಬೇಕು, ಜೊತೆಗೆ ದಾರಿಯನ್ನೂ ತೋರಿಸಬೇಕು. ಕುಚ್ಚಿಲ್ಲದೆ ಈಗಲೇ ಕಳಿಸಿ ಕುಚ್ಚಿನ ಹಣ ವಾಪಸ್ ಮಾಡಲೇ, ಕುಚ್ಚು ಹಾಕಿಸಿ ಹಬ್ಬದ ಮೇಲೆ ಕಳಿಸಲೇ, ಪೂರ್ತಿ ಹಣ ಹಿಂತಿರುಗಿಸಲೇ? ಹಬ್ಬಕ್ಕೆ ಇನ್ನೂ ಹತ್ತು ದಿನ ಇರುವಾಗ ಈ ಪ್ರಶ್ನೆ ಕೇಳಿದರೆ ಗ್ರಾಹಕರಿಗೆ ತಮ್ಮ ಊರಿನ ಅಂಗಡಿಗೆ ಹೋಗಿ ಬೇರೆ ಸೀರೆ ತರುವ ಅವಕಾಶ ಉಳಿದಿರುತ್ತದೆ. 18ಕ್ಕೆ ಹೇಳಿದರೆ ಅದೂ ಇರುವುದಿಲ್ಲ.

ಇದು ಸೌಜನ್ಯಕ್ಕೆ ಬಿಟ್ಟ ಮಾತಲ್ಲ, ಕಾನೂನಿನ ಮಾತೂ ಹೌದು. ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು, 2020ರ ಪ್ರಕಾರ, ಹೇಳಿದ ವೇಳಾಪಟ್ಟಿಗಿಂತ ತಡವಾಗಿ ತಲುಪಿದ ವಸ್ತುವನ್ನು ವಾಪಸ್ ತೆಗೆದುಕೊಳ್ಳಲು ಅಥವಾ ಹಣ ಹಿಂತಿರುಗಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. ಯಾರ ಕೈಯಲ್ಲೂ ಇಲ್ಲದ ಆಪತ್ತಿನಿಂದ ತಡವಾದರೆ ಮಾತ್ರ ವಿನಾಯಿತಿ. ಈ ಆಪತ್ತಿನ ಲೆಕ್ಕಕ್ಕೆ ಹಬ್ಬದ ದಟ್ಟಣೆಯನ್ನು ಸೇರಿಸಲು ಹೋಗುವುದು ಕಷ್ಟ, ಏಕೆಂದರೆ ಹಬ್ಬ ಯಾವತ್ತು ಎಂದು ಪಂಚಾಂಗ ವರ್ಷದ ಮೊದಲೇ ಹೇಳಿರುತ್ತದೆ. ಆದ್ದರಿಂದ ಬರೆದ ತಾರೀಖು ಮಾರುವವರನ್ನೂ ಕಟ್ಟಿಹಾಕುತ್ತದೆ. ಖಂಡಿತ ಪಾಲಿಸಬಲ್ಲ ತಾರೀಖನ್ನಷ್ಟೇ ಬರೆಯಬೇಕು.

ಕೆಲವು ದಾರಿಗಳಿಗೆ ತಾರೀಖು ಹೇಳದಿರುವುದೇ ಪ್ರಾಮಾಣಿಕತೆ. 2025ರಲ್ಲೇ ಅದಕ್ಕೊಂದು ನಿದರ್ಶನ ಸಿಕ್ಕಿತು. 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯನ್ನು ಅಮೆರಿಕ ಆಗಸ್ಟ್ 29ರಿಂದ ತೆಗೆದುಹಾಕಿತು. ಅದಕ್ಕೂ ಮೊದಲೇ, ಆಗಸ್ಟ್ 25ರಿಂದ, ನಮ್ಮ ಅಂಚೆ ಇಲಾಖೆ ಅಮೆರಿಕಕ್ಕೆ ಹೋಗುವ ಬಹುತೇಕ ಪಾರ್ಸೆಲ್‌ಗಳ ಬುಕಿಂಗ್ ನಿಲ್ಲಿಸಿತು. ಅದು ಮತ್ತೆ ಶುರುವಾದದ್ದು ಅಕ್ಟೋಬರ್ 15ಕ್ಕೆ, ನರಕ ಚತುರ್ದಶಿಗೆ ಐದೇ ದಿನ ಇರುವಾಗ. ಅಮೆರಿಕದಲ್ಲಿರುವ ಮಗಳಿಗೆ ಅಂಚೆಯಲ್ಲಿ ಹಬ್ಬದ ಸೀರೆ ಕಳಿಸಬೇಕೆಂದಿದ್ದವರಿಗೆ ಯಾವ ತಾರೀಖು ಹೇಳಿದ್ದರೂ ಅದು ಸುಳ್ಳಾಗುತ್ತಿತ್ತು. ‘ಈ ಹಬ್ಬಕ್ಕೆ ವಿದೇಶದ ಆರ್ಡರ್ ತೆಗೆದುಕೊಳ್ಳುತ್ತಿಲ್ಲ’ ಎಂಬ ಒಂದು ಸಾಲು ಅಂಥ ಕಡೆ ಸರಿಯಾದ ಸೂಚನೆ.

ರಜೆ ಮುಗಿದು, ಬಾಕಿ ಪಾರ್ಸೆಲ್‌ಗಳೆಲ್ಲ ಹೊರಟ ಮೇಲೆ ಒಂದು ಕೆಲಸ ಉಳಿಯುತ್ತದೆ. ಯಾವ ಊರಿಗೆ ಎಷ್ಟು ದಿನ ಎಂದು ಅಂದುಕೊಂಡಿದ್ದೆವು, ನಿಜಕ್ಕೂ ಎಷ್ಟು ಹಿಡಿಯಿತು, ರಜೆಯಲ್ಲಿ ಎಷ್ಟು ಆರ್ಡರ್ ಬಂದವು, ಬಾಕಿ ಯಾವತ್ತಿಗೆ ಮುಗಿಯಿತು ಎಂದು ಒಂದು ಪುಟ ಬರೆದಿಡುವುದು. ಹಬ್ಬಕ್ಕೆಂದು ಸೇರಿಸಿದ ಎರಡು ದಿನ ಪುಣೆಗೆ ಹೆಚ್ಚಾಗಿತ್ತು, ಕೋಲ್ಕತ್ತಾಗೆ ಸಾಲದಾಗಿತ್ತು ಎಂಬುದು ಆ ಪುಟದಲ್ಲಿ ಸಿಗುತ್ತದೆ. 2026ರಲ್ಲಿ ನರಕ ಚತುರ್ದಶಿ ನವೆಂಬರ್ 8ರ ಭಾನುವಾರ ಬಂದಿದೆ. ಹಾಗಾಗಿ ಪಾರ್ಸೆಲ್ 7ರ ಶನಿವಾರದೊಳಗೆ ತಲುಪಿರಬೇಕು, ಹಿಂದಿನ ಭಾನುವಾರ ರಾಜ್ಯೋತ್ಸವ. ಆ ಶನಿವಾರದಿಂದ ಹಿಂದಕ್ಕೆ ಎಣಿಸಲು ಕೂತಾಗ ಬರೆದಿಟ್ಟ ಈ ಪುಟ ಕೈಯಲ್ಲಿದ್ದರೆ ಅಂದಾಜಿನ ಜಾಗದಲ್ಲಿ ತಮ್ಮದೇ ಅಂಗಡಿಯ ಅಂಕಿಗಳನ್ನು ಇಟ್ಟುಕೊಂಡು, ಗ್ರಾಹಕರಿಗೆ ಇನ್ನಷ್ಟು ಧೈರ್ಯದಿಂದ ತಾರೀಖು ಹೇಳಬಹುದು.